‘ಕಳಿಸಿ’ ಅಂತ ಬರೆದಿದ್ದೆ, ಅವರಿಗೆ ‘ಕಳಿಸು’ ಅಂತ ಕೇಳಿಸಿತ್ತು

ನಮ್ಮೂರು ಅಣಶಿ. ಜೋಯಿಡಾ ತಾಲ್ಲೂಕು, ಕಾರವಾರಕ್ಕೆ ಇಳಿಯುವ ಘಟ್ಟದ ರಸ್ತೆ, ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಕೊಂಕಣಿ, ಮರಾಠಿ, ಕನ್ನಡ ಮೂರೂ ಒಂದೇ ಅಂಗಡಿ ಕಟ್ಟೆಯಲ್ಲಿ ಕೇಳಿಸುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಹಳಿಯಾಳದ ಕಡೆಯ ಕನ್ನಡ. ಅವ್ವ ಪಕ್ಕದ ಮನೆಯವರಿಗೆ ‘ಜರಾ ಆ ಮೊರ ಕೊಡ್ರಿ’ ಅಂದರೆ ಅದರಲ್ಲಿ ‘ದಯವಿಟ್ಟು’ ಇಲ್ಲ, ‘ಥ್ಯಾಂಕ್ಸ್’ ಇಲ್ಲ. ಆದರೂ ಮರ್ಯಾದೆಗೇನೂ ಕಡಿಮೆಯಿಲ್ಲ. ಆ ಮರ್ಯಾದೆ ಎಲ್ಲಿ ಕೂತಿತ್ತು ಅಂತ ನಾನು ಯೋಚಿಸಿದ್ದು ಒಂದು ಇಮೇಲ್‌ನಿಂದ ಪೆಟ್ಟು ತಿಂದ ಮೇಲೆ.

ಆಗ ಬೆಂಗಳೂರಿನಲ್ಲಿ ಹೊಸದಾಗಿ ಒಂದು ಪ್ರಾಜೆಕ್ಟ್ ಸೇರಿದ್ದೆ. ಇಂಗ್ಲೆಂಡಿನಲ್ಲಿದ್ದ ಸಹೋದ್ಯೋಗಿಯೊಬ್ಬರ ಹತ್ತಿರ ಕೆಲಸ ಆಗಬೇಕಿತ್ತು. ನಾನು ಬರೆದದ್ದು ಹೀಗೆ: ‘ಬಿಲ್ಡ್ ಈಸ್ ಫೇಲಿಂಗ್ ಫ್ರಮ್ ಯೆಸ್ಟರ್‌ಡೇ. ಯು ಮಸ್ಟ್ ಚೆಕ್ ದ ಕಾನ್ಫಿಗ್ ಫೈಲ್ ಒನ್ಸ್. ಸೆಂಡ್ ದ ಲಾಗ್ಸ್ ಟುಡೇ ಇಟ್‌ಸೆಲ್ಫ್. ಇಫ್ ಎನಿ ಡೌಟ್ ಈಸ್ ದೇರ್, ಕಾಲ್ ಮಿ.’

ಲಾಗ್ ಫೈಲ್‌ಗಳು ಬಂದವು. ಜೊತೆಗೆ ಒಂದು ಸಾಲೂ ಬಂತು: ಇನ್ನು ಮುಂದೆ ಇಂಥ ‘ಇನ್‌ಸ್ಟ್ರಕ್ಷನ್ಸ್’ ಇದ್ದರೆ ನನ್ನ ಮ್ಯಾನೇಜರ್ ಮೂಲಕ ಕಳಿಸಿ ಅಂತ. ಸಿಸಿಯಲ್ಲಿ ಆ ಮ್ಯಾನೇಜರ್ರೂ ಇದ್ದರು. ನಾನು ಎಲ್ಲಿ ಆಜ್ಞೆ ಕೊಟ್ಟೆ ಮಾರಾಯ್ರೆ? ಅಂತ ಮೇಲ್ ಅನ್ನು ನಾಲ್ಕು ಸಲ ಓದಿದೆ. ನನ್ನ ಕಣ್ಣಿಗೆ ತಪ್ಪು ಕಾಣಲೇ ಇಲ್ಲ. ಕಾಣುವುದಾದರೂ ಹೇಗೆ? ನಾನು ಓದುತ್ತಿದ್ದದ್ದು ನನ್ನ ತಲೆಯೊಳಗಿನ ಕನ್ನಡವನ್ನು. ಆ ವರ್ಷದ ಅಪ್ರೈಸಲ್‌ನಲ್ಲಿ ‘ಟೋನ್ ಸುಧಾರಿಸಬೇಕು’ ಅನ್ನೋ ಷರಾ ಬಂದಾಗ ಮಾತ್ರ ಕೂತು ಒಂದೊಂದೇ ಸಾಲು ಬಿಡಿಸಿದೆ.

ಮೊದಲು ‘ಸೆಂಡ್ ದ ಲಾಗ್ಸ್’. ನನ್ನ ಮನಸ್ಸಿನಲ್ಲಿದ್ದದ್ದು ‘ಲಾಗ್ಸ್ ಕಳಿಸಿಕೊಡಿ’. ಇದರಲ್ಲಿ ಎರಡು ಕಡೆ ಮರ್ಯಾದೆ ಇದೆ. ‘ಕಳಿಸು’ ಹೋಗಿ ‘ಕಳಿಸಿ’ ಆಗಿದೆ, ಅಂದರೆ ನೀನು ನೀವಾಗಿದೆ. ‘ಕೊಡಿ’ ಸೇರಿದ್ದರಿಂದ ಇದು ನನಗೊಂದು ಉಪಕಾರ ಅನ್ನೋ ಅರ್ಥವೂ ಬಂದಿದೆ. ಇಂಗ್ಲಿಷಿನ ‘ಸೆಂಡ್’ಗೆ ಇವೆರಡನ್ನೂ ಅಂಟಿಸಲು ಜಾಗವೇ ಇಲ್ಲ. ಹಿಂದೆ ಆ ಭಾಷೆಯಲ್ಲೂ ನೀನು–ನೀವು ಇತ್ತು. ‘ದೌ’ ಅಂದರೆ ನೀನು, ‘ಯು’ ಅಂದರೆ ನೀವು. ಬರುಬರುತ್ತಾ ಎಲ್ಲರಿಗೂ ‘ಯು’ ಅಂತಲೇ ಕರೆದು ‘ದೌ’ ದಿನಬಳಕೆಯಿಂದ ಬಿದ್ದುಹೋಯಿತು. ಎಲ್ಲರೂ ನೀವೇ ಆದಮೇಲೆ ನೀವು ಅನ್ನುವುದಕ್ಕೆ ಬೆಲೆ ಎಲ್ಲಿ? ಹಾಗಾಗಿ ಕೇಳುವಾಗಿನ ಮರ್ಯಾದೆಯನ್ನು ಇಂಗ್ಲಿಷ್ ಬಹುಮಟ್ಟಿಗೆ ವಾಕ್ಯದ ಆಕಾರದಲ್ಲಿ ಇಡುತ್ತದೆ. ‘ಕುಡ್ ಯು’, ‘ವುಡ್ ಯು’ ಅಂತ ಪ್ರಶ್ನೆ ಮಾಡಿ ಕೇಳುತ್ತಾರೆ. ನಾನು ಪದ ದಾಟಿಸಿದೆ, ಪ್ರತ್ಯಯ ಇಲ್ಲೇ ಉಳಿಯಿತು. ಅವರಿಗೆ ತಲುಪಿದ್ದು ಬರೀ ‘ಕಳಿಸು’.

ಎರಡನೆಯದು ‘ಮಸ್ಟ್’. ‘ನೀವು ಒಂದ್ಸಲ ನೋಡಬೇಕು’ ಅನ್ನುವಾಗ ನಮ್ಮ ‘ಬೇಕು’ ವಿನಂತಿಯೂ ಆಗುತ್ತೆ. ಮದುವೆ ಕರೆಯುವಾಗ ‘ಬರಲೇಬೇಕು’ ಅನ್ನುವುದಿಲ್ಲವೇ, ಹಾಗೆ. ಇಂಗ್ಲಿಷಿನಲ್ಲೂ ಊಟಕ್ಕೆ ಕರೆಯುವಾಗ ‘ಯು ಮಸ್ಟ್ ಕಮ್’ ಅಂದರೆ ಪ್ರೀತಿಯೇ, ಯಾಕಂದ್ರೆ ಲಾಭ ಬರುವವರಿಗೆ. ಲಾಭ ನನಗಾಗಿ, ಕೆಲಸ ಅವರದಾದಾಗ ಅದೇ ‘ಮಸ್ಟ್’ ಕಟ್ಟಪ್ಪಣೆ. ಹಿಂದೆ ಬಂದ ‘ಒನ್ಸ್’ ಕೂಡ ಕೈಕೊಟ್ಟಿತು. ನಮ್ಮ ‘ಒಂದ್ಸಲ’ ಎಣಿಕೆಯಲ್ಲ, ಕೆಲಸವನ್ನು ಹಗುರ ಮಾಡಿ ಹೇಳುವ ಮಾತು. ಅಲ್ಲಿ ಅದು ಬರೀ ‘ಒಂದು ಬಾರಿ’.

ಮೂರನೆಯದು ‘ಟುಡೇ ಇಟ್‌ಸೆಲ್ಫ್’. ಇದು ನಮ್ಮ ‘ಇವತ್ತೇ’. ಆ ಪುಟ್ಟ ‘ಏ’ಯಲ್ಲಿ ‘ನಾಳೆ ರಿಲೀಸ್ ಇದೆ, ಗಡಿಬಿಡಿ ಇದೆ’ ಅನ್ನೋದೆಲ್ಲ ಅಡಗಿರುತ್ತೆ. ‘ಇಟ್‌ಸೆಲ್ಫ್’ ಆದಾಗ ಗಡುವು ಮಾತ್ರ ಉಳಿಯಿತು, ಕಾರಣ ಹೋಯಿತು. ಇನ್ನು ಕೊನೆಯ ಸಾಲು ನಾನು ಬರೆದ ಅತ್ಯಂತ ಸ್ನೇಹದ ಸಾಲು: ಏನಾದ್ರೂ ಡೌಟ್ ಇದ್ರೆ ಫೋನ್ ಮಾಡಿ. ನಮ್ಮ ಡೌಟ್ ಅಂದರೆ ತಿಳಿಯದ ವಿಷಯ, ಕೇಳಬೇಕಾದ ಪ್ರಶ್ನೆ. ಅವರ ಡೌಟ್ ಅಂದರೆ ಅನುಮಾನ, ಅಪನಂಬಿಕೆ. ನನ್ನ ಮಾತಿನ ಮೇಲೆ ಅನುಮಾನ ಇದ್ದರೆ ಫೋನ್ ಮಾಡು ಅಂದ ಹಾಗಾಯಿತು!

‘ಪ್ಲೀಸ್’ ಸೇರಿಸಿದ್ದರೆ ಸರಿಹೋಗುತ್ತಿತ್ತಲ್ಲ ಅಂತ ನಿಮಗೂ ಅನ್ನಿಸಿರಬಹುದು. ನಾನೂ ಕೆಲವು ತಿಂಗಳು ಪ್ರತಿ ಸಾಲಿಗೂ ಪ್ಲೀಸ್ ಸುರಿದೆ. ಆದರೆ ‘ಪ್ಲೀಸ್ ಸೆಂಡ್’ ಕೂಡ ಅಪ್ಪಣೆಯ ಆಕಾರದಲ್ಲೇ ಇರುತ್ತೆ. ಸಮಾನರಿಗೆ ಬರೆದಾಗ ಅದು ಬಸ್ಸಿನ ಬೋರ್ಡಿನ ಥರ ಕೇಳಿಸಬಹುದು.

ಇದು ನಮ್ಮೊಬ್ಬರ ಪಾಡೂ ಅಲ್ಲ. ಭಾಷಾವಿಜ್ಞಾನಿ ಆನಾ ವೆಜ್‌ಬಿಟ್ಸ್‌ಕಾ 1985ರಲ್ಲಿ ಪೋಲಿಷ್ ಮತ್ತು ಇಂಗ್ಲಿಷನ್ನು ಹೋಲಿಸಿ ಬರೆದಿದ್ದರು. ಪೋಲಿಷಿನಲ್ಲಿ ಸಹಜವಾದ ನೇರ ವಿಧಿರೂಪ ಇಂಗ್ಲಿಷಿನಲ್ಲಿ ಒರಟಾಗುತ್ತೆ, ಅಲ್ಲಿ ಪ್ರಶ್ನೆಯ ರೂಪ ಬೇಕಾಗುತ್ತೆ ಅನ್ನೋದು ಅವರ ವಾದ. ಒಂದು ಕಡೆ ಆತ್ಮೀಯತೆ ಅನ್ನಿಸಿದ್ದು ಇನ್ನೊಂದು ಕಡೆ ಅಧಿಕಪ್ರಸಂಗ ಅನ್ನಿಸುತ್ತೆ.

ಈಗ ಕಳಿಸುವ ಮುಂಚೆ ನಾನು ಒಂದೇ ಪರೀಕ್ಷೆ ಮಾಡ್ತೀನಿ. ನನ್ನ ಸಾಲಿಗೆ ಅವರು ‘ಇವತ್ತು ಆಗಲ್ಲ’ ಅಂತ ಮುಜುಗರವಿಲ್ಲದೆ ಹೇಳಬಹುದಾ? ಬಾಗಿಲು ಮುಚ್ಚಿದ್ದರೆ ಪ್ರಶ್ನೆ ಮಾಡಿ ತೆರೀತೀನಿ, ‘ಏ’ ಇದ್ದಲ್ಲಿ ಕಾರಣ ಬರೀತೀನಿ. ಆ ಮೇಲ್ ಇವತ್ತು ಬರೆದರೆ ಹೀಗಿರುತ್ತೆ: ‘ದ ಬಿಲ್ಡ್ ಹ್ಯಾಸ್ ಬೀನ್ ಫೇಲಿಂಗ್ ಸಿನ್ಸ್ ಯೆಸ್ಟರ್‌ಡೇ, ಆ್ಯಂಡ್ ಐ ಥಿಂಕ್ ಇಟ್ ಮೇ ಬಿ ದ ಕಾನ್ಫಿಗ್ ಫೈಲ್. ಕುಡ್ ಯು ಟೇಕ್ ಎ ಲುಕ್? ಇಫ್ ಯು ಕೆನ್ ಸೆಂಡ್ ಮಿ ದ ಲಾಗ್ಸ್ ಟುಡೇ, ಐ ಕೆನ್ ಟೆಸ್ಟ್ ಬಿಫೋರ್ ಟುಮಾರೋಸ್ ರಿಲೀಸ್. ಹ್ಯಾಪಿ ಟು ಟಾಕ್ ಇಫ್ ಎನಿಥಿಂಗ್ ಈಸ್ ಅನ್‌ಕ್ಲಿಯರ್.’ ಕೆಲಸ ಅದೇ, ಗಡುವೂ ಅದೇ.

ಇದಕ್ಕೂ ಮಿತಿ ಇದೆ. ಒಮ್ಮೆ ಅತಿ ನಯವಾಗಿ ‘ವೆನ್‌ಎವರ್ ಯು ಗೆಟ್ ಟೈಮ್’ ಅಂತ ಬರೆದೆ. ಅವರು ಅದನ್ನು ನಿಜ ಅಂತಲೇ ನಂಬಿ ಒಂದು ವಾರ ಬಿಟ್ಟು ಕಳಿಸಿದರು. ತಪ್ಪು ನನ್ನದೇ, ದಿನ ಹೇಳಬೇಕಿತ್ತು. ರಾತ್ರಿ ಸರ್ವರ್ ಬಿದ್ದಾಗ ‘ಕುಡ್ ಯು’ ಅಂತ ಕೂರುವ ಹಾಗೂ ಇಲ್ಲ, ‘ರೋಲ್ ಇಟ್ ಬ್ಯಾಕ್ ನೌ’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ನಮ್ಮ ಟೀಮಿನ ಧಾರವಾಡದ ಹುಡುಗ ‘ಡು ಒನ್ ಥಿಂಗ್’ ಅಂತ ಮೆಸೇಜ್ ಹಾಕಿದರೆ ಅದು ‘ಒಂದ್ ಕೆಲ್ಸ ಮಾಡ್ರಿ’ ಅಂತ ನನಗೆ ಗೊತ್ತೇ ಇದೆ.

ಈ ಅಭ್ಯಾಸ ಹೋದ ದೀಪಾವಳಿಗೆ ಊರಿಗೂ ಬಂತು. ಊಟಕ್ಕೆ ಕೂತಾಗ ಬಾಯಿತಪ್ಪಿ ‘ಅವ್ವಾ, ದಯವಿಟ್ಟು ಸ್ವಲ್ಪ ನೀರು ಕೊಡೋಕಾಗುತ್ತಾ?’ ಅಂದುಬಿಟ್ಟೆ. ಅವ್ವ ತಂಬಿಗೆ ಅಲ್ಲೇ ಇಟ್ಟು ನನ್ನ ಹಣೆ ಮುಟ್ಟಿ ನೋಡಿದಳು. ‘ಯಾಕೋ ತಮ್ಮಾ, ನನ್ ಮ್ಯಾಲೆ ಸಿಟ್ಟೇನು?’