ಹೆಸರನ್ನು ತಿದ್ದಿದ ಅನುವಾದ ವಾಪಸ್ ಬಂತು

ಕೆಲವು ವರ್ಷಗಳ ಹಿಂದೆ ಇಶಾ ನಮಾಝಿನ ನಂತರ ಒಬ್ಬರು ಹಿರಿಯರು ಪ್ಲಾಸ್ಟಿಕ್ ಕವರ್ ಹಿಡಿದು ಮದ್ರಸಕ್ಕೆ ಬಂದರು. ಒಳಗೆ ಮಗಳ ಮದುವೆಯ ಜಮಾಅತ್ ಪ್ರಮಾಣಪತ್ರ. ಅಳಿಯ ದುಬೈಯಲ್ಲಿ. "ಉಸ್ತಾದ್, ಇದನ್ನು ಅರಬಿಗೆ ಮಾಡಿ ಕೊಡಿ. ನಿಮಗೆ ಅರಬಿ ಬರುತ್ತದಲ್ಲ, ಮಗಳಿಗೆ ವೀಸಾ ಮಾಡಿಸಬೇಕು" ಅಂದರು. ನಾನೂ ಹಿಂದೆ ಮುಂದೆ ನೋಡದೆ ಆ ರಾತ್ರಿಯೇ ಕೂತು ಚೆಂದದ ಅರಬಿಯಲ್ಲಿ ಬರೆದುಕೊಟ್ಟೆ. ಜಮಾಅತ್ ಪುಸ್ತಕದಲ್ಲಿ ಹುಡುಗಿಯ ಹೆಸರು 'ಐಸಮ್ಮ' ಅಂತ ಇತ್ತು, ನಾನು 'ಆಯಿಷಾ' ಎಂದು ಬರೆದೆ. ತಂದೆಯ ಹೆಸರು 'ಅದ್ರಾಮ ಬ್ಯಾರಿ' ಅಂತ ಇತ್ತು, ಅದನ್ನು 'ಅಬ್ದುರ್ರಹ್ಮಾನ್' ಎಂದು ಸರಿಮಾಡಿದೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ.

ಕಾಗದ ದುಬೈಗೆ ಹೋಗಿ ವಾಪಸ್ ಬಂತು. ಬಾಡಿಗೆಗೆ ಹಿಡಿದ ರೂಮಿಗೆ ಅಳಿಯ ಮೂರು ತಿಂಗಳು ಸುಮ್ಮನೆ ದುಡ್ಡು ಕಟ್ಟಿದರು. ಆಮೇಲೆ ಆ ಕೆಲಸ ಮೊದಲಿಂದ ಮಾಡಿಸುವಾಗ ನಾನೂ ಜೊತೆಗೆ ಓಡಾಡಿದೆ. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಎಷ್ಟೋ ಮನೆಗಳಲ್ಲಿ ಇವತ್ತೂ ಇದೇ ತಪ್ಪು ಆಗುತ್ತಿದೆ.

ಯಾವ ಕಾಗದ, ಯಾವ ಕ್ರಮ

ಮೊದಲ ತಪ್ಪು ಕಾಗದದ್ದೇ. ಜಮಾಅತಿನ ಪ್ರಮಾಣಪತ್ರ ನಿಕಾಹ್ ನಡೆದದ್ದಕ್ಕೆ ದಾಖಲೆ ಹೌದು, ಆದರೆ ವಿದೇಶಕ್ಕೆ ಹೋಗುವ ಮುದ್ರೆಗಳ ಸರಪಳಿ ಸರಕಾರ ಕೊಟ್ಟ ಕಾಗದದಿಂದ ಶುರುವಾಗಬೇಕು. ನಮ್ಮ ರಾಜ್ಯದಲ್ಲಿ 1976ರ ವಿವಾಹ ನೋಂದಣಿ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಾಯಿಸಬಹುದು. ಅಲ್ಲಿ ಜಮಾಅತಿನ ಕಾಗದ ಆಧಾರವಾಗಿ ಕೆಲಸಕ್ಕೆ ಬರುತ್ತದೆ. ವಕ್ಫ್ ಮಂಡಳಿ ಮೂಲಕ ಪ್ರಮಾಣಪತ್ರ ಕೊಡುವ 2023ರ ಸರಕಾರಿ ಆದೇಶಕ್ಕೆ 2024ರ ನವೆಂಬರಿನಲ್ಲಿ ಹೈಕೋರ್ಟ್ ತಡೆ ಕೊಟ್ಟಿತ್ತು. ಆದ್ದರಿಂದ ಗಲ್ಫಿಗೆ ಹೋಗುವವರು ಸಬ್ ರಿಜಿಸ್ಟ್ರಾರ್ ದಾರಿಯನ್ನೇ ಹಿಡಿಯುವುದು ಒಳ್ಳೆಯದು.

ಎರಡನೆಯ ತಪ್ಪು ಕ್ರಮದ್ದು. ನಾವು ಮೊದಲು ಅನುವಾದ ಮಾಡಿ ಆಮೇಲೆ ಮುದ್ರೆ ಹಾಕಿಸೋಣ ಅಂದುಕೊಂಡಿದ್ದೆವು. ಯುಎಇಗೆ ಆಗುವುದು ಇದಕ್ಕೆ ಉಲ್ಟಾ. ಪ್ರಮಾಣಪತ್ರವನ್ನು ಮೊದಲು ರಾಜ್ಯ ಸರಕಾರದ ಇಲಾಖೆ ದೃಢೀಕರಿಸಬೇಕು. ನಂತರ ದೆಹಲಿಯ ವಿದೇಶಾಂಗ ಸಚಿವಾಲಯ, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ. ವಿದೇಶಾಂಗ ಸಚಿವಾಲಯ ಕಾಗದವನ್ನು ನಮ್ಮ ಕೈಯಿಂದ ನೇರವಾಗಿ ತೆಗೆದುಕೊಳ್ಳುವುದಿಲ್ಲ, ಅದು ಒಪ್ಪಿಕೊಂಡ ಏಜೆನ್ಸಿಗಳ ಮೂಲಕ ಹೋಗಬೇಕು. ಕಾಗದ ದುಬೈ ಮುಟ್ಟಿದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯದ ಮುದ್ರೆ ಬೀಳಬೇಕು. ಇಷ್ಟೆಲ್ಲಾ ಆದ ಮೇಲೆ ಅರಬಿ ಅನುವಾದ. ಮುದ್ರೆಗಳ ಮಾತೂ ಅನುವಾದದಲ್ಲಿ ಬರಬೇಕಾದ್ದರಿಂದ ಅದು ಕೊನೆಗೆ. ಮುದ್ರೆ ಬೀಳುವ ಮೊದಲೇ ಅನುವಾದ ಮಾಡಿದರೆ ಆಮೇಲೆ ಬಿದ್ದ ಮುದ್ರೆಗಳು ಅದರಲ್ಲಿ ಇರುವುದಿಲ್ಲ.

ಆ ಅನುವಾದ ಯಾರು ಮಾಡಿದರೂ ನಡೆಯುವುದಿಲ್ಲ. ಯುಎಇ ನ್ಯಾಯ ಸಚಿವಾಲಯದ ಲೈಸನ್ಸ್ ಇರುವ ಅನುವಾದಕರೇ ಮಾಡಬೇಕು, ಆ ಲೈಸನ್ಸೂ ಇಂಥ ಭಾಷೆಗೆ ಎಂದು ಇರುತ್ತದೆ. ನನ್ನ ಅರಬಿ ಎಷ್ಟು ಚೆಂದ ಇದ್ದರೂ, ಅದರ ಮೇಲೆ ಊರಿನ ನೋಟರಿಯ ಮುದ್ರೆ ಬಿದ್ದರೂ ಅಲ್ಲಿ ಅದಕ್ಕೆ ಬೆಲೆ ಇಲ್ಲ. ಅದಕ್ಕೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಇಂಗ್ಲಿಷ್ ಪ್ರಮಾಣಪತ್ರ ಕೇಳಿ ಪಡೆಯಿರಿ. ಬರೀ ಕನ್ನಡದ್ದಾದರೆ ಮಧ್ಯೆ ಇನ್ನೊಂದು ಅನುವಾದ ಬೇಕಾಗುತ್ತದೆ, ತಪ್ಪಿಗೆ ಇನ್ನೊಂದು ಬಾಗಿಲು ತೆರೆದ ಹಾಗೆ.

ಸೌದಿಗೆ ಹೋಗುವವರಿಗೆ ದಾರಿ ಸ್ವಲ್ಪ ಚಿಕ್ಕದು. ಸೌದಿಯಲ್ಲಿ 2022ರ ಡಿಸೆಂಬರ್ 7ರಿಂದ ಅಪೋಸ್ಟಿಲ್ ಒಪ್ಪಂದ ಜಾರಿಯಲ್ಲಿದೆ. ಭಾರತ 2005ರಿಂದಲೇ ಅದರಲ್ಲಿದೆ, ಒಮಾನ್ ಮತ್ತು ಬಹರೈನ್ ಕೂಡ ಇವೆ. ಈ ದೇಶಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಸಾಕು, ರಾಯಭಾರ ಕಚೇರಿಗೆ ಹೋಗಬೇಕಾಗಿಲ್ಲ. ಅಪೋಸ್ಟಿಲ್ ಎಂದರೆ ಕಾಗದದಲ್ಲಿರುವ ಸಹಿ ಮತ್ತು ಮುದ್ರೆ ನಿಜ ಎಂಬ ದೃಢೀಕರಣ ಮಾತ್ರ. ಅದು ಅನುವಾದದ ಜಾಗಕ್ಕೆ ಬರುವುದಿಲ್ಲ.

ತಿದ್ದುವ ಕೆಲಸ ಅನುವಾದಕನದ್ದಲ್ಲ

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ನಮ್ಮಲ್ಲಿ ಒಬ್ಬರಿಗೇ ಮೂರು ಹೆಸರು. ಮನೆಯಲ್ಲಿ ಪಾತುಮ್ಮ, ಶಾಲೆಯಲ್ಲಿ ಫಾತಿಮಾ, ಪಾಸ್‌ಪೋರ್ಟಿನಲ್ಲಿ ಬೀಫಾತಿಮ. ಕೇಳಿದವರಿಗೆ ಒಬ್ಬರೇ ಎಂದು ಗೊತ್ತಾಗುತ್ತದೆ. ಕೌಂಟರಿನಲ್ಲಿ ಕೂತವನಿಗೆ ಅದು ಮೂರು ಜನ. ಅವನು ಹೆಸರಿನ ಅರ್ಥ ನೋಡುವುದಿಲ್ಲ, ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡುತ್ತಾನೆ.

ಉದಾಹರಣೆಗೆ ಅಳಿಯನ ಹೆಸರು ಅಬ್ದುಲ್ ರಹಿಮಾನ್ ಎಂದಿಟ್ಟುಕೊಳ್ಳಿ. ಅರಬಿಯಲ್ಲಿ ಸರಿಯಾದದ್ದು ಅಬ್ದುರ್ರಹ್ಮಾನ್. ನಮ್ಮ ಕಡೆ ಮಧ್ಯೆ ಒಂದು 'ಹಿ' ಸೇರಿಕೊಂಡಿದೆ, ಪಾಸ್‌ಪೋರ್ಟಿನಲ್ಲೂ ಎಚ್ ಪಕ್ಕದಲ್ಲಿ ಐ ಬಂದು ಕೂತಿದೆ. ಈ ಐಯನ್ನು ಅನುವಾದಕ ತೆಗೆಯುವ ಹಾಗಿಲ್ಲ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಇಂಗ್ಲಿಷಿನಲ್ಲಿ ಹಾಗೆಯೇ ಬರೆಯಬೇಕು. ಅರಬಿಯಲ್ಲಿ ಬರೆಯುವಾಗ ಇನ್ನೊಂದು ದಾಖಲೆ ನೋಡಬೇಕು. ಅಳಿಯನ ಎಮಿರೇಟ್ಸ್ ಐಡಿಯಲ್ಲಿ ಅವರ ಹೆಸರು ಆಗಲೇ ಅರಬಿಯಲ್ಲಿ ಅಚ್ಚಾಗಿದೆ. ಅದು ತಪ್ಪಿರಲಿ ಸರಿಯಿರಲಿ, ಪ್ರಮಾಣಪತ್ರದ ಅನುವಾದದಲ್ಲೂ ಅದೇ ಬರಬೇಕು. ಎರಡನೇ ಸಲ ಮಾಡಿಸುವಾಗ ನಾವು ಅನುವಾದಕರಿಗೆ ಇಬ್ಬರ ಪಾಸ್‌ಪೋರ್ಟ್ ಪ್ರತಿಯ ಜೊತೆ ಆ ಕಾರ್ಡಿನ ಪ್ರತಿಯನ್ನೂ ಕೊಟ್ಟೆವು. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಮೂಲ ಕಾಗದದಲ್ಲೇ ಐಸಮ್ಮ ಅಂತ ಇದ್ದರೆ? ಅನುವಾದದಲ್ಲೂ ಐಸಮ್ಮ ಅಂತಲೇ ಬರಬೇಕು. ಪಾಸ್‌ಪೋರ್ಟಿನಲ್ಲಿ ಬೇರೆ ಇದೆ ಎಂದಾದರೆ ಅನುವಾದಕ ಹೆಚ್ಚೆಂದರೆ ಕೆಳಗೆ ಒಂದು ಟಿಪ್ಪಣಿ ಹಾಕಬಹುದು. ಸರಿ ಮಾಡಬೇಕಾದದ್ದು ಮೂಲದಲ್ಲಿ, ಅದನ್ನು ಕೊಟ್ಟ ಕಚೇರಿಯಲ್ಲಿ. ಅದಕ್ಕೇ ನಾವು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮೊದಲು ಜಮಾಅತ್ ಕಮಿಟಿಯವರಿಗೆ ಅರ್ಜಿ ಕೊಟ್ಟು ಪುಸ್ತಕದಲ್ಲಿ ತಿದ್ದುಪಡಿ ಬರೆಸಿ, ಸಹಿ ಮುದ್ರೆ ಹಾಕಿಸಿ, ಹೊಸ ಪ್ರತಿ ತೆಗೆದೆವು. ಜನನ ಪ್ರಮಾಣಪತ್ರಕ್ಕೂ ಇದೇ ನಿಯಮ. ಹಳೆಯ ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ಅನುವಾದಕ ಅದನ್ನು ತುಂಬಿಸಿದರೆ ಅದು ಸುಳ್ಳು ದಾಖಲೆ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರು ಸೇರಿಸುವುದಕ್ಕೂ ತಪ್ಪು ತಿದ್ದುವುದಕ್ಕೂ ಬೇರೆ ಬೇರೆ ಕಲಮು ಇದೆ. ಅದನ್ನು ಜನನ ಮರಣ ನೋಂದಣಾಧಿಕಾರಿಯ ಹತ್ತಿರವೇ ಮಾಡಿಸಬೇಕು.

ಮೂರು ಪವನಿನ ಲೆಕ್ಕ

ಹೆಸರನ್ನು ತಿದ್ದಬಾರದು ಅಂದ ಮಾತ್ರಕ್ಕೆ ಎಲ್ಲವನ್ನೂ ಕುರುಡಾಗಿ ಇಳಿಸುವುದೂ ಅಲ್ಲ. ಅದೇ ಜಮಾಅತ್ ಪತ್ರವನ್ನು ಇಂಗ್ಲಿಷಿಗೆ ಮಾಡಿಸಿದವರೊಬ್ಬರು 'ಮಹರ್ 3 ಪವನ್' ಎಂಬುದಕ್ಕೆ 'ಡೌರಿ' ಎಂದು ಬರೆಸಿದ್ದರು. ಡೌರಿ ಅಂದರೆ ವರದಕ್ಷಿಣೆ. ಹುಡುಗ ಹುಡುಗಿಗೆ ಕೊಟ್ಟದ್ದು ಹುಡುಗಿ ಕಡೆಯವರು ಕೊಟ್ಟದ್ದಾಗಿ ಹೋಯಿತು, ಅದೂ ನಮ್ಮ ಕಾನೂನಿನಲ್ಲಿ ಅಪರಾಧ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯೇ ಮಹರನ್ನು ವರದಕ್ಷಿಣೆಯಿಂದ ಹೊರಗಿಟ್ಟಿದೆ. ಇಂಗ್ಲಿಷಿನಲ್ಲಿ ಅದಕ್ಕೆ 'ಡೋವರ್' ಎಂಬ ಬೇರೆ ಮಾತಿದೆ. 'ಮಹರ್' ಎಂದೇ ಉಳಿಸಿದರೂ ಆಗುತ್ತದೆ.

ಪವನ್ ಎಂದರೆ 8 ಗ್ರಾಂ ಎಂದು ನಮಗೆ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಹಾಗಂತ ಅನುವಾದಕ '24 ಗ್ರಾಂ' ಎಂದು ನೇರವಾಗಿ ಬರೆಯಬಾರದು. '3 ಪವನ್' ಎಂದೇ ಬರೆದು, ಪವನ್ ಎಂದರೆ 8 ಗ್ರಾಂ ಎಂದು ಚೌಕ ಆವರಣದಲ್ಲಿ ತನ್ನ ಟಿಪ್ಪಣಿ ಹಾಕಬೇಕು. ಚೌಕ ಆವರಣದೊಳಗೆ ಇದ್ದದ್ದು ಅನುವಾದಕನ ಮಾತು, ಹೊರಗಿದ್ದದ್ದು ಮೂಲದ ಮಾತು ಎಂಬುದು ಈ ಕೆಲಸದ ರೂಢಿ. ಹಿಜರಿ ತಾರೀಕಿಗೂ ಹೀಗೆಯೇ. ಮೂಲದಲ್ಲಿ ಇದ್ದ ಹಾಗೆ ಬರೆಯಬೇಕು, ಲೆಕ್ಕ ಹಾಕಿ ಬದಲಾಯಿಸಬಾರದು. ಚಂದ್ರ ಕಂಡ ದಿನ ಊರಿಂದ ಊರಿಗೆ ಒಂದು ದಿನ ಆಚೀಚೆ ಆಗುತ್ತದಲ್ಲ. 03-04-2024 ಎಂದಿದ್ದರೆ ತಿಂಗಳನ್ನು ಅಕ್ಷರದಲ್ಲಿ ಬರೆಸಿ, ಇಲ್ಲದಿದ್ದರೆ ಏಪ್ರಿಲ್ 3 ಮಾರ್ಚ್ 4 ಆಗಿಬಿಡುತ್ತದೆ.

ಕನ್ನಡ ಕಾಗದದಲ್ಲಿ ಇನ್ನೊಂದು ಗುಂಡಿ ಇದೆ. 'ಬಿನ್' ಎಂದರೆ ಮಗ, 'ಕೋಂ' ಎಂದರೆ ಹೆಂಡತಿ. 'ಖತೀಜಮ್ಮ ಕೋಂ ಮೊಯ್ದಿನಬ್ಬ' ಎಂಬುದನ್ನು ಕೋಂ ಕೂಡ ಹೆಸರೇ ಎಂದು ಇಳಿಸಿದ ಅನುವಾದವನ್ನು ನಾನೇ ನೋಡಿದ್ದೇನೆ.

ದುಡ್ಡು ಕೊಡುವ ಮೊದಲು ನೋಡಿ

ಅನುವಾದ ಕೈಗೆ ಬಂದಾಗ ಮೂಲವನ್ನು ಪಕ್ಕದಲ್ಲಿಡಿ. ಮೂಲದಲ್ಲಿ ಎಷ್ಟು ಮುದ್ರೆ, ಎಷ್ಟು ಸಹಿ ಇದೆ ಎಂದು ಎಣಿಸಿ. ಅನುವಾದದಲ್ಲೂ ಅಷ್ಟೇ ಕಡೆ 'ದುಂಡು ಮುದ್ರೆ', 'ಸಹಿ' ಎಂದು ಬರೆದಿರಬೇಕು, ಮುದ್ರೆಯೊಳಗಿನ ಮಾತೂ ಇರಬೇಕು. ಮಾಸಿ ಹೋಗಿದ್ದರೆ 'ಓದಲಾಗುವುದಿಲ್ಲ' ಎಂದು ಬರೆದಿರಬೇಕು, ಊಹೆ ಮಾಡಿರಬಾರದು. ಹಿಂಬದಿಯಲ್ಲಿ ಬರೆದದ್ದನ್ನು ಬಿಡುವವರೇ ಹೆಚ್ಚು, ಕಾಗದವನ್ನು ಮಗುಚಿ ನೋಡಿ. ಕ್ರಮಸಂಖ್ಯೆಯನ್ನು ಒಬ್ಬರು ಓದಿ ಇನ್ನೊಬ್ಬರು ತಾಳೆ ಹಾಕಿ.

ಕೊನೆಯಲ್ಲಿ ಅನುವಾದಕನ ಹೇಳಿಕೆ ಇರಬೇಕು. ಇಂಗ್ಲೆಂಡಿನ ವೀಸಾಕ್ಕೆ, ಅನುವಾದ ಸರಿಯಾಗಿದೆ ಎಂಬ ಮಾತು, ತಾರೀಕು, ಅನುವಾದಕನ ಪೂರ್ತಿ ಹೆಸರು, ಸಹಿ, ಸಂಪರ್ಕ ವಿಳಾಸ ಬೇಕು. ಅಮೆರಿಕದವರು ಅನುವಾದ ಪೂರ್ಣ ಮತ್ತು ಸರಿ ಎಂಬುದರ ಜೊತೆ, ಆ ಭಾಷೆಯಿಂದ ಅನುವಾದಿಸಲು ತಾನು ಸಮರ್ಥ ಎಂದೂ ಅನುವಾದಕ ಹೇಳಬೇಕು ಎನ್ನುತ್ತಾರೆ. ಯುಎಇಯಲ್ಲಿ ಲೈಸನ್ಸ್ ಇರುವ ಅನುವಾದಕರ ಮುದ್ರೆ ಮತ್ತು ಸಹಿ ನೋಡಿ. ಅಂದರೆ ಎಲ್ಲ ಕಡೆಯೂ ಒಬ್ಬ ವ್ಯಕ್ತಿ 'ಇದಕ್ಕೆ ನಾನು ಜವಾಬ್ದಾರಿ' ಎಂದು ಹೆಸರು ಹಾಕಬೇಕು. ನಾನು ಬರೆದುಕೊಟ್ಟ ಅರಬಿ ಕಾಗದದಲ್ಲಿ ನನ್ನ ಹೆಸರೇ ಇರಲಿಲ್ಲ.

ಆ ಹುಡುಗಿ ಎರಡನೇ ಸಲದ ಕಾಗದದಲ್ಲಿ ದುಬೈಗೆ ಹೋದಳು, ಈಗ ಒಂದು ಮಗು. ಮಗುವಿನ ಜನನ ಪ್ರಮಾಣಪತ್ರ ಅಲ್ಲಿಯದೇ. ಆದರೆ ನನ್ನ ಒಂದು ಅಭ್ಯಾಸ ಮಾತ್ರ ಬದಲಾಗಿದೆ. ಈಗ ನಿಕಾಹ್ ಪುಸ್ತಕದಲ್ಲಿ ಹೆಸರು ಬರೆಯುವ ದಿನ ಎರಡೂ ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ, "ಹುಡುಗ ಹುಡುಗಿಯ ಪಾಸ್‌ಪೋರ್ಟ್ ತನ್ನಿ. ಇಲ್ಲದಿದ್ದರೆ ಆಧಾರ್ ಆದರೂ ತನ್ನಿ." ಹಿರಿಯರು ಕೆಲವರು ನಗುತ್ತಾರೆ, "ನಮ್ಮ ಮಗಳ ಹೆಸರು ನಮಗೆ ಗೊತ್ತಿಲ್ಲವಾ ಉಸ್ತಾದ್?" ಗೊತ್ತುಂಟು, ಆದರೆ ಪುಸ್ತಕದಲ್ಲಿ ಬರೆಯುವುದು ಕೌಂಟರಿನಲ್ಲಿ ಕೂತವನಿಗಾಗಿ.