ಮಾರಿದ ಮರುದಿನ ಕೊಳ್ಳುವಂತಿಲ್ಲ

ಒಂದು ಷೇರಿನ ಬೆಲೆ ಆರು ದಿನ ಹೀಗಿತ್ತು ಎಂದುಕೊಳ್ಳೋಣ: 100, 110, 112, 102, 115, 113 ರೂಪಾಯಿ. ಒಂದು ಸಲಕ್ಕೆ ಒಂದೇ ಷೇರು ಕೊಳ್ಳಬಹುದು. ಕೈಯಲ್ಲಿರುವುದನ್ನು ಮಾರದೆ ಇನ್ನೊಂದನ್ನು ಕೊಳ್ಳುವಂತಿಲ್ಲ. ಎಷ್ಟು ಸಲ ಬೇಕಾದರೂ ಕೊಂಡು ಮಾರಬಹುದು, ಆದರೆ ಒಂದು ಕಟ್ಟಳೆ ಇದೆ. ಮಾರಿದ ಮರುದಿನ ಸುಮ್ಮನಿರಬೇಕು, ಕೊಳ್ಳುವುದಿದ್ದರೆ ಅದರ ಮಾರನೆಯ ದಿನವೇ. ಗರಿಷ್ಠ ಲಾಭ ಎಷ್ಟು?

ಷೇರುಪೇಟೆಯ ಒಡನಾಟ ಇದ್ದವರು ಪೆನ್ನು ಹಿಡಿಯದೆಯೇ ಹೇಳಿಬಿಡುತ್ತಾರೆ: ನೂರಕ್ಕೆ ಕೊಂಡು 112ಕ್ಕೆ ಮಾರಿ, 102ಕ್ಕೆ ಕೊಂಡು 115ಕ್ಕೆ ಮಾರಿ. ಹನ್ನೆರಡು, ಹದಿಮೂರು, ಒಟ್ಟು 25. ಆದರೆ 112 ಮೂರನೆಯ ದಿನದ ಬೆಲೆ, 102 ನಾಲ್ಕನೆಯ ದಿನದ್ದು. ಮೂರನೆಯ ದಿನ ಮಾರಿದವರು ನಾಲ್ಕನೆಯ ದಿನ ಕೊಳ್ಳುವಂತಿಲ್ಲ. ಹಾಗಾಗಿ 25 ಕೈಗೆ ಬರುವುದಿಲ್ಲ. ಹಾಗಾದರೆ ನೂರಕ್ಕೆ ಕೊಂಡು ಐದನೆಯ ದಿನದವರೆಗೆ ಇಟ್ಟುಕೊಂಡು ಮಾರಿದರೆ? 15 ಸಿಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ.

ಪ್ರೋಗ್ರಾಮಿಂಗ್ ಅಭ್ಯಾಸಕ್ಕೆಂದು ಜನ ಬಳಸುವ ಲೀಟ್‌ಕೋಡ್ ತಾಣದಲ್ಲಿ ಇದು 309ನೆಯ ಸಮಸ್ಯೆ. ಸಾಫ್ಟ್‌ವೇರ್ ಕೆಲಸದ ಸಂದರ್ಶನಕ್ಕೆ ತಯಾರಾಗುವವರಿಗೆ ಇದು ಹಳೆಯ ಪರಿಚಯ. ಕೂಲ್‌ಡೌನ್ ಎಂಬ ಈ ಒಂದು ದಿನದ ತಡೆ ಇಲ್ಲದಿದ್ದರೆ ಲೆಕ್ಕ ಮಕ್ಕಳಾಟ: ಬೆಲೆ ಏರಿದ ಪ್ರತಿ ದಿನದ ಏರಿಕೆಯನ್ನು ಕೂಡಿಸಿ, ಇಳಿದ ದಿನಗಳನ್ನು ಬಿಟ್ಟುಬಿಟ್ಟರೆ ಮುಗಿಯಿತು. ತಡೆ ಬಂದ ಕೂಡಲೇ ಆ ಸುಲಭದ ದಾರಿ ಮುಚ್ಚುತ್ತದೆ. ಈ ದಿನ ಮಾರುವುದು ಸರಿಯೋ ತಪ್ಪೋ ಎಂಬುದು ನಾಡಿದ್ದಿನ ಬೆಲೆಗೂ ತಗಲಿಕೊಳ್ಳುತ್ತದೆ.

ಎಲ್ಲ ದಾರಿಗಳನ್ನೂ ಬರೆದು ನೋಡಬಹುದಲ್ಲ ಎನ್ನಬಹುದು. ಆರು ದಿನಕ್ಕೆ ನೋಡಬಹುದು. ಕಟ್ಟಳೆ ಮುರಿಯದೆ, ಕೊನೆಗೆ ಕೈಯಲ್ಲಿ ಷೇರು ಉಳಿಸಿಕೊಳ್ಳದೆ ವ್ಯವಹಾರ ಮುಗಿಸುವ ದಾರಿಗಳು ಬರೀ 21. ಆದರೆ ದಿನವೊಂದು ಸೇರಿದಂತೆ ಈ ಸಂಖ್ಯೆ ಸುಮಾರು ಒಂದೂಮುಕ್ಕಾಲು ಪಟ್ಟು ಬೆಳೆಯುತ್ತದೆ. ಷೇರುಪೇಟೆ ವರ್ಷಕ್ಕೆ ಸುಮಾರು 250 ದಿನ ತೆರೆದಿರುತ್ತದೆ. ಅಷ್ಟು ದಿನಕ್ಕೆ ದಾರಿಗಳ ಸಂಖ್ಯೆಯನ್ನು ಬರೆಯಲು ಅರವತ್ತರಷ್ಟು ಅಂಕಿ ಬೇಕು. ಅವನ್ನೆಲ್ಲ ಎಣಿಸಿ ಮುಗಿಸುವ ಕಂಪ್ಯೂಟರ್ ಇಲ್ಲ.

ಇಂಥ ಕಡೆ ನೆರವಿಗೆ ಬರುವುದು ಡೈನಾಮಿಕ್ ಪ್ರೋಗ್ರಾಮಿಂಗ್. ಅಮೆರಿಕದ ಗಣಿತಜ್ಞ ರಿಚರ್ಡ್ ಬೆಲ್‌ಮನ್ 1950ರ ದಶಕದಲ್ಲಿ ರ‍್ಯಾಂಡ್ ಕಾರ್ಪೊರೇಷನ್‌ನಲ್ಲಿದ್ದಾಗ ಬೆಳೆಸಿದ ವಿಧಾನ ಇದು. ಇದೇ ಹೆಸರಿನ ಅವರ ಪುಸ್ತಕ 1957ರಲ್ಲಿ ಬಂತು. ಅವರ ವಿಚಾರದ ತಿರುಳು ಇಷ್ಟು: ಇಂದಿನ ಸ್ಥಿತಿಗೆ ಯಾವ ದಾರಿಯಲ್ಲಿ ಬಂದೆವು ಎಂಬುದು ಮುಂದಿನ ನಿರ್ಧಾರಕ್ಕೆ ಬೇಕಿಲ್ಲ, ಈಗ ಯಾವ ಸ್ಥಿತಿಯಲ್ಲಿದ್ದೇವೆ ಎಂಬುದಷ್ಟೇ ಸಾಕು. ಒಂದೇ ಸ್ಥಿತಿಗೆ ತಲುಪುವ ಸಾವಿರ ದಾರಿಗಳಿದ್ದರೆ ಹೆಚ್ಚು ಲಾಭ ಕೊಟ್ಟ ಒಂದನ್ನು ಉಳಿಸಿಕೊಂಡು ಉಳಿದವನ್ನು ಮರೆತುಬಿಡಬಹುದು.

ಸ್ಥಿತಿ ಎಂದು ಯಾವುದನ್ನು ಕರೆಯಬೇಕು ಎಂಬಲ್ಲಿಯೇ ಇಡೀ ಸಮಸ್ಯೆ ಅಡಗಿದೆ. ಮೊದಲಿಗೆ ಹೊಳೆಯುವುದು ಎರಡು: ಕೈಯಲ್ಲಿ ಷೇರು ಇದೆ, ಕೈಯಲ್ಲಿ ಷೇರು ಇಲ್ಲ. ಇದು ಸಾಲದು. ಷೇರು ಇಲ್ಲದವರಲ್ಲಿ ಎರಡು ಬಗೆಯವರಿದ್ದಾರೆ. ಈ ದಿನವೇ ಮಾರಿದವರು ನಾಳೆ ಕೊಳ್ಳುವಂತಿಲ್ಲ, ಮೊದಲೇ ಮಾರಿ ಸುಮ್ಮನಿದ್ದವರು ಕೊಳ್ಳಬಹುದು. ಇಬ್ಬರನ್ನೂ ಒಂದೇ ಕಾಲಂನಲ್ಲಿ ಬರೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಎರಡೇ ಸ್ಥಿತಿ ಇಟ್ಟುಕೊಂಡು ನಮ್ಮ ಆರು ದಿನದ ಲೆಕ್ಕ ಮಾಡಿದರೆ ಉತ್ತರ 25 ಎಂದೇ ಬರುತ್ತದೆ. ಅಂದರೆ ಕಟ್ಟಳೆ ಇದೆ ಎಂಬುದೇ ಲೆಕ್ಕಕ್ಕೆ ಗೊತ್ತಾಗಿರುವುದಿಲ್ಲ.

ಆದ್ದರಿಂದ ಕಾಲಂ ಮೂರು. ದಿನದ ಕೊನೆಗೆ ಕೈಯಲ್ಲಿ ಷೇರು ಇದ್ದರೆ ಅದು ‘ಇದೆ’. ಆ ದಿನವೇ ಮಾರಿದ್ದರೆ ‘ಮಾರಿದೆ’. ಷೇರೂ ಇಲ್ಲ, ಆ ದಿನ ಮಾರಲೂ ಇಲ್ಲ ಎಂದರೆ ‘ಬಿಡುವು’. ಪ್ರತಿ ಕಾಲಂನಲ್ಲೂ ಒಂದೊಂದೇ ಸಂಖ್ಯೆ: ಆ ಸ್ಥಿತಿಯಲ್ಲಿ ದಿನ ಮುಗಿಯುವುದಾದರೆ ಜೇಬಿನಲ್ಲಿ ಹೆಚ್ಚೆಂದರೆ ಎಷ್ಟು ಇರಬಹುದು ಎಂಬುದು. ಸೊನ್ನೆಯಿಂದ ಶುರುಮಾಡುವುದರಿಂದ ಷೇರು ಕೊಂಡರೆ ಅದು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ.

ಒಂದು ದಿನದಿಂದ ಮುಂದಿನ ದಿನಕ್ಕೆ ಹೋಗುವ ಬಗೆಯೂ ಸರಳ. ‘ಇದೆ’ಗೆ ಎರಡು ದಾರಿ: ನಿನ್ನೆಯೂ ಇತ್ತು, ಹಾಗೇ ಇಟ್ಟುಕೊಂಡೆವು; ಅಥವಾ ನಿನ್ನೆ ಬಿಡುವಿನಲ್ಲಿದ್ದೆವು, ಇವತ್ತಿನ ಬೆಲೆ ಕೊಟ್ಟು ಕೊಂಡೆವು. ಎರಡರಲ್ಲಿ ದೊಡ್ಡದನ್ನು ಬರೆಯಬೇಕು. ‘ಮಾರಿದೆ’ಗೆ ಒಂದೇ ದಾರಿ: ನಿನ್ನೆಯ ‘ಇದೆ’ಗೆ ಇವತ್ತಿನ ಬೆಲೆ ಸೇರಿಸುವುದು. ‘ಬಿಡುವು’ ನಿನ್ನೆಯ ಬಿಡುವಿನಿಂದಲೂ ಬರಬಹುದು, ನಿನ್ನೆಯ ‘ಮಾರಿದೆ’ಯಿಂದಲೂ ಬರಬಹುದು. ಅಲ್ಲೂ ದೊಡ್ಡದೇ ಉಳಿಯುತ್ತದೆ. ‘ಮಾರಿದೆ’ಯಿಂದ ‘ಇದೆ’ಗೆ ನೇರ ದಾರಿ ಇಲ್ಲ ಎಂಬುದನ್ನು ಗಮನಿಸಿ. ನಡುವೆ ಬಿಡುವಿನ ಮೂಲಕ ಹಾದುಹೋಗಲೇಬೇಕು. ಕೂಲ್‌ಡೌನ್ ಕಟ್ಟಳೆ ಲೆಕ್ಕದೊಳಗೆ ಬಂದು ಕೂತಿರುವುದು ಹೀಗೆ, ಒಂದು ದಾರಿಯನ್ನು ಇಡದೇ ಇರುವುದರಿಂದ.

ನಮ್ಮ ಆರು ದಿನ ಹೀಗೆ ತುಂಬಿಕೊಳ್ಳುತ್ತವೆ:

| ದಿನ | ಬೆಲೆ | ಇದೆ | ಮಾರಿದೆ | ಬಿಡುವು |
|---|---|---|---|---|
| 1 | 100 | -100 | ಸಾಧ್ಯವಿಲ್ಲ | 0 |
| 2 | 110 | -100 | 10 | 0 |
| 3 | 112 | -100 | 12 | 10 |
| 4 | 102 | -92 | 2 | 12 |
| 5 | 115 | -92 | 23 | 12 |
| 6 | 113 | -92 | 21 | 23 |

ನಾಲ್ಕನೆಯ ದಿನದ ಮೇಲೆ ಸ್ವಲ್ಪ ಕಣ್ಣಾಡಿಸಿ. ನಿನ್ನೆಯಿಂದ ಷೇರು ಇಟ್ಟುಕೊಂಡೇ ಬಂದಿದ್ದರೆ ‘ಇದೆ’ ಮೈನಸ್ 100. ನಿನ್ನೆಯ ಬಿಡುವಿನಲ್ಲಿದ್ದ ಹತ್ತು ರೂಪಾಯಿಯೊಂದಿಗೆ 102ಕ್ಕೆ ಕೊಂಡರೆ ಮೈನಸ್ 92. ಎಂಟು ರೂಪಾಯಿ ಮೇಲು, ಅದೇ ಉಳಿಯಿತು. ಮೂರನೆಯ ದಿನದ ‘ಮಾರಿದೆ’ ಕಾಲಂನಲ್ಲಿ 12 ಇದ್ದರೂ ಅದನ್ನು ಮುಟ್ಟುವಂತಿಲ್ಲ. ಅದೇ ದಿನದ ‘ಮಾರಿದೆ’ 2ಕ್ಕೆ ಕುಸಿದಿರುವುದು ಕೆಲವರಿಗೆ ವಿಚಿತ್ರ ಅನ್ನಿಸುತ್ತದೆ, ಗರಿಷ್ಠ ಲಾಭ ಕಡಿಮೆಯಾಗುವುದು ಹೇಗೆ ಎಂದು. ಆ ಕಾಲಂ ಹೇಳುತ್ತಿರುವುದು ಇದುವರೆಗಿನ ಗರಿಷ್ಠವನ್ನಲ್ಲ, ನಾಲ್ಕನೆಯ ದಿನವೇ ಮಾರಿದ್ದಾದರೆ ಎಷ್ಟು ಎಂಬುದನ್ನು. ಬೆಲೆ ಬಿದ್ದ ದಿನ ಮಾರಿದರೆ ಸಿಗುವುದು ಎರಡೇ.

ಕೊನೆಯ ದಿನ ‘ಮಾರಿದೆ’ ಮತ್ತು ‘ಬಿಡುವು’ ಎರಡನ್ನೂ ನೋಡಿ ದೊಡ್ಡದನ್ನು ತೆಗೆದುಕೊಳ್ಳಬೇಕು. ಇಲ್ಲಿ ಅದು 23. ‘ಮಾರಿದೆ’ಯನ್ನಷ್ಟೇ ನೋಡಿದರೆ 21 ಎಂದು ಎರಡು ರೂಪಾಯಿ ಕಳೆದುಕೊಳ್ಳುತ್ತೇವೆ.

ಈ 23 ಎಲ್ಲಿಂದ ಬಂತು ಎಂದು ಹಿಂದಕ್ಕೆ ನಡೆಯೋಣ. ಆರನೆಯ ದಿನದ ಬಿಡುವು ಐದನೆಯ ದಿನದ ಮಾರಾಟದಿಂದ ಬಂದದ್ದು. ಆ ಮಾರಾಟ ನಾಲ್ಕನೆಯ ದಿನದ ಖರೀದಿಯಿಂದ, ಆ ಖರೀದಿ ಮೂರನೆಯ ದಿನದ ಬಿಡುವಿನಿಂದ, ಆ ಬಿಡುವು ಎರಡನೆಯ ದಿನದ ಮಾರಾಟದಿಂದ. ಅಂದರೆ ನೂರಕ್ಕೆ ಕೊಂಡು 110ಕ್ಕೇ ಮಾರಬೇಕು. ಬೆಲೆ 112 ಆದ ದಿನ ಕೈಕಟ್ಟಿ ಕೂರಬೇಕು. ಆಮೇಲೆ 102ಕ್ಕೆ ಕೊಂಡು 115ಕ್ಕೆ ಮಾರಬೇಕು. ತುದಿಯ ಎರಡು ರೂಪಾಯಿ ಬಿಟ್ಟುಕೊಟ್ಟಿದ್ದಕ್ಕೇ ತಗ್ಗಿನಲ್ಲಿ ಕೊಳ್ಳುವ ಅವಕಾಶ ಸಿಕ್ಕಿತು.

ಪೈಥಾನ್ ಭಾಷೆಯಲ್ಲಿ ಇಡೀ ಲೆಕ್ಕ ಇಷ್ಟೇ:

```python
hold, sold, rest = -prices[0], float('-inf'), 0
for p in prices[1:]:
    hold, sold, rest = max(hold, rest - p), hold + p, max(rest, sold)
print(max(sold, rest))
```

`hold` ಎಂದರೆ ‘ಇದೆ’, `sold` ‘ಮಾರಿದೆ’, `rest` ‘ಬಿಡುವು’. ಮೊದಲ ದಿನವೇ ಮಾರಿರುವುದು ಸಾಧ್ಯವಿಲ್ಲ ಎನ್ನುವುದಕ್ಕೆ ಅಲ್ಲಿ ಋಣ ಅನಂತವನ್ನು ಇಟ್ಟಿದೆ. ದಿನಗಳು 250 ಇರಲಿ, ಎರಡೂವರೆ ಸಾವಿರ ಇರಲಿ, ನೆನಪಿಡಬೇಕಾದದ್ದು ಮೂರೇ ಸಂಖ್ಯೆ.

ಎಡವುವುದು ಮೂರನೆಯ ಸಾಲಿನಲ್ಲಿ. ಮೂರೂ ಸಂಖ್ಯೆಗಳು ಒಟ್ಟಿಗೇ, ನಿನ್ನೆಯ ಲೆಕ್ಕದಿಂದಲೇ ಬದಲಾಗಬೇಕು. ಇದನ್ನೇ ಮೂರು ಸಾಲಾಗಿ ಒಡೆದು `rest` ಅನ್ನು ಮೊದಲು ಬದಲಾಯಿಸಿದರೆ ನಿನ್ನೆಯ ಮಾರಾಟದ ಹಣ ಇವತ್ತಿನ ಬಿಡುವಿಗೆ ಬಂದು, ಇವತ್ತೇ ಖರೀದಿಗೂ ಸಿಕ್ಕಿಬಿಡುತ್ತದೆ. ನಮ್ಮ ನಾಲ್ಕನೆಯ ದಿನ ‘ಇದೆ’ ಮೈನಸ್ 90 ಆಗುತ್ತದೆ, ಕೊನೆಯ ಉತ್ತರ 25. ಪ್ರೋಗ್ರಾಂ ಎಲ್ಲೂ ನಿಲ್ಲುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಹಾಗಾಗಿ ಪರೀಕ್ಷೆಗೆ ಆರಿಸುವ ಬೆಲೆಗಳು ತಡೆ ಇದ್ದಾಗ ಒಂದು ಉತ್ತರ, ಇಲ್ಲದಿದ್ದಾಗ ಇನ್ನೊಂದು ಕೊಡುವಂಥವಾಗಿರಬೇಕು. ಒಂದೇ ಸಮನೆ ಏರುವ ಬೆಲೆಗಳನ್ನು ಕೊಟ್ಟರೆ ಸರಿ ಪ್ರೋಗ್ರಾಂ, ತಪ್ಪು ಪ್ರೋಗ್ರಾಂ ಎರಡೂ ಒಂದೇ ಉತ್ತರ ಹೇಳುತ್ತವೆ. ಮೊದಲ ದಿನದ `hold` ಅನ್ನು ಸೊನ್ನೆಯಾಗಿ ಇಡುವುದು ಇನ್ನೊಂದು ಸಾಮಾನ್ಯ ತಪ್ಪು. ಆಗ ದುಡ್ಡು ಕೊಡದೆ ಬಂದ ಷೇರನ್ನು ಎರಡನೆಯ ದಿನ 110ಕ್ಕೆ ಮಾರಿದಂತಾಗಿ ಲಾಭ ನೂರು ದಾಟುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ.

ಪೇಟೆಯಲ್ಲಿ ನಿಜವಾಗಿ ಇಂಥ ತಡೆ ಇದೆಯೇ? ಸಾಮಾನ್ಯ ಹೂಡಿಕೆದಾರರಿಗೆ ಹೀಗೊಂದು ಕಟ್ಟಳೆ ಇಲ್ಲ. ಆದರೆ ಕಂಪನಿಯ ಒಳಗಿನ ಮಾಹಿತಿ ತಿಳಿಯಬಲ್ಲ ಹುದ್ದೆಯಲ್ಲಿರುವವರಿಗೆ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮಗಳಲ್ಲಿ ಇದರ ದೊಡ್ಡಣ್ಣನೇ ಇದೆ: ತಮ್ಮ ಕಂಪನಿಯ ಷೇರನ್ನು ಮಾರಿದರೆ ಕನಿಷ್ಠ ಆರು ತಿಂಗಳು ಕೊಳ್ಳುವಂತಿಲ್ಲ, ಕೊಂಡರೆ ಅಷ್ಟೇ ಕಾಲ ಮಾರುವಂತಿಲ್ಲ. ನಮ್ಮ ಲೆಕ್ಕವನ್ನು ಅಲ್ಲಿಗೂ ಹಿಗ್ಗಿಸಬಹುದು. ಮಾರಿದ ಮೇಲೆ ಎರಡು ದಿನ ಕಾಯಬೇಕು ಎಂದರೆ ‘ಮಾರಿದೆ’ ಮತ್ತು ‘ಬಿಡುವು’ಗಳ ನಡುವೆ ಇನ್ನೊಂದು ಕಾಲಂ ಸೇರುತ್ತದೆ. ಕಾಯುವ ದಿನಗಳು ಹೆಚ್ಚಿದಷ್ಟೂ ಸಾಲು ಉದ್ದವಾಗುತ್ತದೆ. ಕೊಂಡ ಮೇಲೂ ಕಾಯಬೇಕಾದರೆ ಆ ಕಡೆಗೂ ಅಂಥದೇ ಸಾಲು ಬೇಕು. ಖರ್ಚು ಸೇರಿಸುವುದು ಇನ್ನೂ ಸುಲಭ. ಡೆಲಿವರಿ ಷೇರಿಗೆ ಕೊಳ್ಳುವಾಗ, ಮಾರುವಾಗ ಎರಡೂ ಸಲ ಶೇ 0.1ರಂತೆ ಬೀಳುವ ಎಸ್‌ಟಿಟಿ ತೆರಿಗೆಯನ್ನು ಆಯಾ ಹೆಜ್ಜೆಯಲ್ಲೇ ಕಳೆದರೆ ಆಯಿತು. ನಮ್ಮ 23 ರೂಪಾಯಿಯಲ್ಲಿ ಅದಕ್ಕೆ ಹೋಗುವುದು ಸುಮಾರು 43 ಪೈಸೆ.

ಇದನ್ನು ಓದಿ ನಾಳೆಯೇ ಡಿಮ್ಯಾಟ್ ಖಾತೆ ತೆರೆಯಲು ಹೊರಡುವವರು ಒಂದು ಮಾತು ಕೇಳಬೇಕು. ಈ ಲೆಕ್ಕ ಪ್ರತಿ ಸಂಜೆ ಆ ದಿನದ ಬೆಲೆಯೊಂದನ್ನೇ ತೆಗೆದುಕೊಂಡು ಮುಂದೆ ಹೋಗುತ್ತದೆ ನಿಜ. ಆದರೆ ಎರಡನೆಯ ದಿನ 110ಕ್ಕೆ ಮಾರಬೇಕಿತ್ತು ಎಂಬುದು ಆ ಸಂಜೆ ಅದಕ್ಕೂ ಗೊತ್ತಿರುವುದಿಲ್ಲ. ಮಾರಿದ್ದರೆ ಇಷ್ಟು, ಇಟ್ಟುಕೊಂಡಿದ್ದರೆ ಇಷ್ಟು ಎಂದು ಎರಡನ್ನೂ ಬರೆದಿಟ್ಟುಕೊಂಡು ಕಾಯುತ್ತದೆ. ನಾಲ್ಕನೆಯ ದಿನದ ಬೆಲೆ 102ರ ಬದಲು 111 ಆಗಿದ್ದರೆ ‘ಇದೆ’ ಕಾಲಂನಲ್ಲಿ ಹಳೆಯ ಮೈನಸ್ 100 ಹಾಗೇ ಉಳಿದು ಕೊನೆಯ ಉತ್ತರ 15 ಆಗುತ್ತಿತ್ತು, ಎರಡನೆಯ ದಿನ ಮಾರದೆ ಇದ್ದದ್ದೇ ಸರಿ ಎನ್ನಿಸುತ್ತಿತ್ತು. ಗೆರೆ ಇರುವುದು 110ರಲ್ಲಿ. ನಾಲ್ಕನೆಯ ದಿನ ಬೆಲೆ ಅದಕ್ಕಿಂತ ಕೆಳಗೆ ಬಂದರೆ ಮಾರಿ ಕೂತವರು ಮುಂದೆ, ಮೇಲೆ ನಿಂತರೆ ಇಟ್ಟುಕೊಂಡವರು ಮುಂದೆ. ಲೆಕ್ಕ ಎರಡೂ ಕಾಲಂಗಳನ್ನು ಒಟ್ಟಿಗೆ ಇಟ್ಟುಕೊಳ್ಳಬಲ್ಲದು, ಆದರೆ ಒಂದೇ ಷೇರು ಹಿಡಿದ ಮನುಷ್ಯ ಆ ಸಂಜೆಯೇ ಒಂದನ್ನು ಆರಿಸಿಕೊಳ್ಳಬೇಕು.