ಒದ್ದೆ ಕಾಗದದ ತೂಕ

ನೂರು ಗ್ರಾಂ ಹಳೆಯ ಪತ್ರಿಕೆಯನ್ನು ತೂಗಿ ಬಟ್ಟೆಯ ಚೀಲದಲ್ಲಿ ಇಡಿ. ಇನ್ನೊಂದು ನೂರು ಗ್ರಾಮನ್ನು ಬಕೆಟ್ಟಿಗೆ ಹಾಕಿ, ಮೇಲೆ ಬಿಸಿಯೂಟದಲ್ಲಿ ಮಿಕ್ಕ ಅನ್ನ ಸಾರು, ಬಾಳೆಹಣ್ಣಿನ ಸಿಪ್ಪೆ ಸುರಿದು ಮುಚ್ಚಳ ಮುಚ್ಚಿ. ಮರುದಿನ ಬೆಳಗ್ಗೆ ಎರಡನೇ ಪಾಲಿನ ಕಾಗದವನ್ನಷ್ಟೇ ಇಕ್ಕಳದಿಂದ ಎತ್ತಿ, ಅಂಟಿದ ಅಗುಳನ್ನೆಲ್ಲ ಬಿಡಿಸಿ ತೂಗಬೇಕು. ಕಸ ವಿಂಗಡಣೆಯ ಯೋಜನೆಯನ್ನು ಆರರಿಂದ ಎಂಟನೇ ತರಗತಿಯ ಮಕ್ಕಳ ಜೊತೆ ಶುರುಮಾಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಭಿತ್ತಿಪತ್ರ ಬರೆಸುವುದು, ಘೋಷಣೆ ಕೂಗಿಸುವುದು ಆಮೇಲೂ ಆದೀತು. ಮೊದಲು ತಕ್ಕಡಿ ಬೇಕು.

ಪತ್ರಿಕೆಯ ಕಾಗದ ತನ್ನ ತೂಕದಷ್ಟು ನೀರನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಹಾಗಾಗಿ ನೂರು ಗ್ರಾಂ ಇದ್ದದ್ದು ಇನ್ನೂರು ದಾಟಿದ್ದರೆ ಅಚ್ಚರಿಪಡಬೇಕಿಲ್ಲ. ಒಣ ಚೀಲದ ಕಾಗದವನ್ನೂ ಅದೇ ಹೊತ್ತಿಗೆ ತೂಗಬೇಕು. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಅದೂ ಕೆಲವು ಗ್ರಾಂ ಹೆಚ್ಚಿರಬಹುದು. ಎರಡನ್ನೂ ಹೋಲಿಸಿದರೆ ಮಾತ್ರ ಬಕೆಟ್ಟಿನಿಂದ ಬಂದ ನೀರೆಷ್ಟು, ಗಾಳಿಯಿಂದ ಬಂದದ್ದೆಷ್ಟು ಎಂದು ಹೇಳಲಾದೀತು. ಹೋಲಿಕೆಗೆಂದು ಒಂದು ಗುಂಪನ್ನು ಹಾಗೇ ಬಿಡಬೇಕೆಂಬ ವಿಜ್ಞಾನದ ನಿಯಮ ಇಲ್ಲಿ ಮಕ್ಕಳ ಕೈಗೇ ಸಿಗುತ್ತದೆ. ಮುಂದೆ ಬೀದಿಗಿಳಿದಾಗ ಇದೇ ನಿಯಮ ಮತ್ತೆ ಬೇಕಾಗುತ್ತದೆ.

ಪ್ರಯೋಗದ ಮುಖ್ಯ ಭಾಗ ಇನ್ನೂ ಇದೆ. ಒದ್ದೆ ಕಾಗದವನ್ನು ಬಿಸಿಲಿಗೆ ಹರಡಿ, ತೂಕ ಇಳಿಯುವುದು ನಿಂತ ಮೇಲೆ ಮತ್ತೊಮ್ಮೆ ತೂಗಿ. ನೂರಕ್ಕಿಂತ ಕೊಂಚ ಹೆಚ್ಚೇ ಇರುತ್ತದೆ. ನೀರು ಆವಿಯಾಗಿ ಹೋಯಿತು; ಸಾರಿನ ಉಪ್ಪು, ಗಂಜಿ, ಒಗ್ಗರಣೆಯ ಎಣ್ಣೆ ಹೋಗಲಿಲ್ಲ. ಬೆಳಕಿಗೆ ಹಿಡಿದರೆ ಎಣ್ಣೆಯ ಕಲೆ ಕಾಣುತ್ತದೆ. ಒಣಗಿಸದೆ ಎರಡು ಮೂರು ದಿನ ಬಿಟ್ಟ ಚೂರಿನಲ್ಲಿ ಬೂಷ್ಟು ಹಿಡಿದಿರುತ್ತದೆ. ಕಾಗದದ ಕಾರ್ಖಾನೆಯಲ್ಲಿ ರದ್ದಿಯನ್ನು ನೀರಿನಲ್ಲಿ ಕಲಸಿ ನಾರು ಬಿಡಿಸುತ್ತಾರೆ. ಎಣ್ಣೆ ಹಿಡಿದ ನಾರಿನಿಂದ ಎಣ್ಣೆಯನ್ನು ಬಿಡಿಸಲು ಬರೀ ನೀರು ಸಾಲದು. ಈ ಎರಡು ಕಂತೆಗಳನ್ನೂ ಊರಿನ ಗುಜರಿ ಅಂಗಡಿಗೆ ಒಯ್ದು ಯಾವುದಕ್ಕೆ ಎಷ್ಟು ಕೊಡುತ್ತೀರಿ ಎಂದು ಮಕ್ಕಳೇ ಕೇಳಲಿ. ಕಾಳು ಆರಿಸುವುದು, ಜರಡಿ ಹಿಡಿಯುವುದು, ತೂರುವುದು, ಆವಿಯಾಗಿಸುವುದು ಎಂದು ಮಿಶ್ರಣ ಬೇರ್ಪಡಿಸುವ ಪಾಠದಲ್ಲಿ ಕಲಿತ ವಿಧಾನಗಳಲ್ಲಿ ಯಾವುದೂ ಈ ಕಾಗದಕ್ಕೆ ಅದರ ಮೊದಲ ಬೆಲೆಯನ್ನು ತಂದುಕೊಡುವುದಿಲ್ಲ. ಕಸವನ್ನು ಮನೆಯಲ್ಲೇ ಏಕೆ ಬೇರೆ ಮಾಡಬೇಕು, ಘಟಕದಲ್ಲಿ ಆಮೇಲೆ ಮಾಡಿದರೆ ಆಗದೇ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಈ ಪ್ರಶ್ನೆ ನಮ್ಮ ರಾಜ್ಯದಲ್ಲಿ ಒಂದು ಹಳ್ಳಿಯ ಬದುಕನ್ನೇ ಕಲಕಿದೆ. ಬೆಂಗಳೂರಿನ ಬೆರಕೆ ಕಸ ವರ್ಷಗಟ್ಟಲೆ ನಗರದಾಚೆಯ ಮಂಡೂರಿಗೆ ಹೋಗುತ್ತಿತ್ತು. ಹಸಿ, ಒಣ ಎರಡೂ ಒಟ್ಟಿಗೆ ಕೊಳೆತು, ದುರ್ನಾತ ಮತ್ತು ಕೊಳೆನೀರಿನಿಂದ ಊರವರು ನರಳಿದರು, ಬೀದಿಗಿಳಿದು ಹೋರಾಡಿದರು. 2014ರ ಡಿಸೆಂಬರ್‌ನಿಂದ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ಮರುವರ್ಷದ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೆಂಗಳೂರಿನ ಮನೆಗಳಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಪ್ಯಾಡ್, ಬ್ಯಾಂಡೇಜಿನಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. 2016ರ ಘನತ್ಯಾಜ್ಯ ನಿಯಮಗಳು ಬೇರ್ಪಡಿಸಿ ಕೊಡುವ ಹೊಣೆಯನ್ನು ದೇಶದ ಎಲ್ಲ ಮನೆಗಳ ಮೇಲೂ ಇಟ್ಟವು. ಶಾಲೆಗಳೂ ಇದರಿಂದ ಹೊರತಲ್ಲ.

ಹಾಗಾಗಿ ಮೊದಲ ವಾರ ಶಾಲೆಯದೇ ಕಸವನ್ನು ತೂಗುವುದು ನ್ಯಾಯ. ಪ್ರತಿದಿನ ಸಂಜೆ ಹಸಿ, ಒಣ, ಉಳಿದದ್ದು ಎಂದು ಮೂರು ಅಂಕಿ ಬರೆಯಬೇಕು. ಒಂದು ದಿನದ ಲೆಕ್ಕ ನಂಬಲಾಗದು, ಏಕೆಂದರೆ ಬಿಸಿಯೂಟದ ಪಟ್ಟಿ ದಿನದಿನಕ್ಕೆ ಬೇರೆ. ದೊಡ್ಡ ಬಾಳೆಹಣ್ಣಿನ ಸಿಪ್ಪೆ ಸುಮಾರು 40 ಗ್ರಾಂ ಎಂದಿಟ್ಟುಕೊಂಡರೆ, 120 ಮಕ್ಕಳು ಹಣ್ಣು ತಿಂದ ದಿನ ಸಿಪ್ಪೆಯೊಂದೇ ಐದು ಕಿಲೋ ಹತ್ತಿರ ಬರುತ್ತದೆ. ಮೊಟ್ಟೆ ಕೊಟ್ಟ ದಿನ ಚಿಪ್ಪು ಒಂದು ಕಿಲೋ ಕೂಡ ಆಗದು. ಇದನ್ನು ಮಕ್ಕಳು ಮೊದಲೇ ಅಂದಾಜು ಮಾಡಿ, ಆಮೇಲೆ ತೂಗಿ ನೋಡಿದರೆ ಗಣಿತದ ಪಾಠವೂ ಆಗುತ್ತದೆ.

ಈ ಕೆಲಸಕ್ಕೆ ಕೈಗವಸು, ಇಕ್ಕಳ, ಸೋಪು ಇರಲೇಬೇಕು. ಗಾಜು, ಬ್ಲೇಡು, ಶೌಚಾಲಯದ ಕಸವನ್ನು ಮಕ್ಕಳು ಮುಟ್ಟಬಾರದು. ಸರದಿ ಹಾಜರಿ ಪುಸ್ತಕದ ಕ್ರಮದಲ್ಲೇ ಬರಬೇಕು, ಶಿಕ್ಷಕರ ಹೆಸರೂ ಅದರಲ್ಲಿರಬೇಕು. ಇಷ್ಟು ಒತ್ತಿ ಹೇಳಲು ಕಾರಣವಿದೆ: ನಮ್ಮ ಸಮಾಜದಲ್ಲಿ ಕಸ ಮುಟ್ಟುವ ಕೆಲಸ ಯಾರ ಪಾಲಿಗೆ ಬಂದಿದೆ ಎಂಬುದು ಎಲ್ಲರಿಗೂ ಗೊತ್ತು. ಶಾಲೆಯ ಯೋಜನೆ ಅವರದೇ ಮಕ್ಕಳ ಕೈಗೆ ಮತ್ತೆ ಪೊರಕೆ ಕೊಡುವಂತಾದರೆ ಅದು ನಾಗರಿಕ ಪಾಠವಲ್ಲ, ಅನ್ಯಾಯ.

ಬೇರೆಯಾದ ಹಸಿ ಕಸ ಏನಾಗುತ್ತದೆ ಎಂದು ನೋಡಲು ಎರಡು ಮಡಕೆ ಸಾಕು. ಒಂದಕ್ಕೆ ಸುತ್ತ ತೂತು ಕೊರೆದು, ಒಂದು ಪಾಲು ಸಿಪ್ಪೆಗೆ ಎರಡು ಪಾಲು ತರಗೆಲೆ ಹಾಕುತ್ತ ಪದರ ಪದರವಾಗಿ ತುಂಬಿ, ಮೇಲೆ ಸ್ವಲ್ಪ ಸಗಣಿ ನೀರು ಚಿಮುಕಿಸಿ. ಇನ್ನೊಂದಕ್ಕೆ ತೂತೂ ಬೇಡ, ಎಲೆಯೂ ಬೇಡ, ಬರೀ ಸಿಪ್ಪೆ ಒತ್ತಿ ಮುಚ್ಚಿ. ಪ್ರಯೋಗಾಲಯದ ಥರ್ಮಾಮೀಟರನ್ನು ದಿನಾ ಒಂದೇ ಹೊತ್ತಿಗೆ ನಡುವಿಗೆ ಇಳಿಸಿ ಓದಬೇಕು, ಹೊರಗಿನ ಗಾಳಿಯ ಉಷ್ಣತೆಯನ್ನೂ ಪಕ್ಕದಲ್ಲಿ ಬರೆಯಬೇಕು. ಗಾಳಿಯಾಡುವ ಮಡಕೆ ಕೆಲವೇ ದಿನಗಳಲ್ಲಿ ಬೆಚ್ಚಗಾಗುತ್ತದೆ. ಅದು ಅಲ್ಲಿನ ಸೂಕ್ಷ್ಮಜೀವಿಗಳು ಆಮ್ಲಜನಕ ಬಳಸಿ ಉಣ್ಣುತ್ತಿರುವುದರ ಶಾಖ. ಮುಚ್ಚಿದ ಮಡಕೆಯಲ್ಲಿ ಆಮ್ಲಜನಕ ಬೇಗ ತೀರಿ, ಅದಿಲ್ಲದೆ ಬದುಕುವ ಜೀವಿಗಳ ಕೈ ಮೇಲಾಗುತ್ತದೆ. ತಳದಲ್ಲಿ ನೀರು ನಿಲ್ಲುತ್ತದೆ, ಹುಳಿ ನಾತ, ಕೊನೆಗೆ ಕೊಳೆತ ಮೊಟ್ಟೆಯ ನಾತವೂ ಬರಬಹುದು. ಆ ನೀರಿನ ಒಂದು ಹನಿಯನ್ನು ದಾಸವಾಳದ ರಸಕ್ಕೆ ಹಾಕಿ ನೋಡಿ. ಆಮ್ಲವಿದ್ದರೆ ರಸ ಗಾಢ ಗುಲಾಬಿಗೆ ತಿರುಗುತ್ತದೆ. ದೊಡ್ಡ ಕಸದ ರಾಶಿಯ ಒಡಲಲ್ಲಿ ನಡೆಯುವುದೂ ಇದೇ. ಅಲ್ಲಿ ಮೀಥೇನ್ ಕೂಡ ಹುಟ್ಟುತ್ತದೆ, ಹಾಗಾಗಿ ರಾಶಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ.

ತೂತಿನ ಮಡಕೆ ಬಿಸಿಯಾಗದಿದ್ದರೆ ಒಂದು ಹಿಡಿ ತೆಗೆದು ಹಿಂಡಿ. ನೀರು ಧಾರೆಯಾಗಿ ಇಳಿದರೆ ತರಗೆಲೆ ಸಾಲದು, ಹನಿಯೂ ಬಾರದೆ ಪುಡಿಯಾದರೆ ನೀರು ಸಾಲದು, ಒಂದೆರಡು ಹನಿ ಜಿನುಗಿದರೆ ಹದ. ಚಿಕ್ಕ ಮಡಕೆಗೆ ಒಂದು ಮಿತಿಯಿದೆ: ಹುಟ್ಟಿದ ಶಾಖ ಗೋಡೆಯಿಂದ ಸೋರಿಹೋಗುತ್ತದೆ, ರೋಗಾಣು ಮತ್ತು ಕಳೆಬೀಜ ಸಾಯಲು ಬೇಕಾದ 55 ಡಿಗ್ರಿಯ ಹತ್ತಿರಕ್ಕೂ ಅದು ಸಾಮಾನ್ಯವಾಗಿ ಹೋಗದು. ಆದ್ದರಿಂದ ಅದರ ಗೊಬ್ಬರವನ್ನು ಹೂಗಿಡಕ್ಕೆ ಹಾಕಿ, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಮಾಗಿದೆಯೇ ಎಂದು ತಿಳಿಯಲು ಹತ್ತು ಹೆಸರುಕಾಳನ್ನು ಬರೀ ಮಣ್ಣಿನಲ್ಲಿ, ಇನ್ನು ಹತ್ತನ್ನು ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಬಿತ್ತಿ. ಗೊಬ್ಬರದ ಕಡೆ ಮೊಳಕೆ ಕಡಿಮೆಯಾದರೆ ಇನ್ನೂ ಕೆಲವು ವಾರ ಕಾಯಬೇಕು.

ಇನ್ನು ಬೀದಿ. ಮೂವತ್ತು ಮನೆಗಳನ್ನು ಆರಿಸಿ, ಪ್ರತಿ ಮನೆಗೆ ಒಂದು ಸಂಖ್ಯೆ ಕೊಡಿ. ಪುಸ್ತಕದಲ್ಲಿ ಹೆಸರು ಬೇಡ, ಏಕೆಂದರೆ ಪಟ್ಟಿ ಹೊರಗೆ ಬಂದರೆ ಅದು ಬೈಗುಳವಾಗುತ್ತದೆ. ಕಸದ ಗಾಡಿ ಬಂದಾಗ ಇಬ್ಬರು ಮಕ್ಕಳು, ಒಬ್ಬ ದೊಡ್ಡವರು ಗಾಡಿಯ ಜೊತೆ ನಡೆದು, ಕಸ ತೆಗೆದುಕೊಳ್ಳುವ ಅಕ್ಕನನ್ನೇ ಕೇಳಿ ಬರೆದುಕೊಳ್ಳಲಿ: ಬೇರೆ ಮಾಡಿದ್ದಾರೆ, ಅರ್ಧ ಮಾಡಿದ್ದಾರೆ, ಬೆರಕೆ. ಮಕ್ಕಳು ಯಾರ ಬುಟ್ಟಿಗೂ ಕೈ ಹಾಕಬೇಕಿಲ್ಲ. ಆ ಅಕ್ಕನ ಕಣ್ಣಿಗಿಂತ ಪಳಗಿದ ಉಪಕರಣ ಬೇರೆ ಇಲ್ಲ.

ಎರಡು ವಾರ ಹೀಗೆ ಬರೆದ ಮೇಲೆ ಚೀಟಿ ಎತ್ತಿ ಹದಿನೈದು ಮನೆಗಳನ್ನು ಆರಿಸಿ ಅಲ್ಲಿಗೆ ಮಾತ್ರ ಹೋಗಿ. ಒದ್ದೆ ಕಾಗದ, ಒಣ ಕಾಗದ ಎರಡನ್ನೂ ತೋರಿಸಿ ಮಾತಾಡಿ. ಉಳಿದ ಹದಿನೈದನ್ನು ಒಂದು ತಿಂಗಳು ಹಾಗೇ ಬಿಡಿ. ಲೆಕ್ಕ ಹೇಗೆ ಓದಬೇಕೆಂದು ತೋರಿಸಲು ಕೆಲವು ಅಂಕಿ ಕಲ್ಪಿಸಿಕೊಳ್ಳೋಣ. ಮೊದಲು ಹೋದ ಮನೆಗಳಲ್ಲಿ 4, ಹೋಗದವುಗಳಲ್ಲಿ 5 ಬೇರ್ಪಡಿಸುತ್ತಿದ್ದವು. ತಿಂಗಳ ಕೊನೆಗೆ ಅವು 11 ಮತ್ತು 6 ಆದವು. ಹೋದ ಕಡೆ ಏಳು ಹೆಚ್ಚಿತೆಂದು ಬೀಗುವಂತಿಲ್ಲ, ಹೋಗದ ಕಡೆಯೂ ಒಂದು ತಾನಾಗಿಯೇ ಹೆಚ್ಚಿದೆ. ಹಾಗಾಗಿ ಮಕ್ಕಳ ಮಾತಿನ ಫಲ ಆರು ಮನೆ ಎನ್ನುವುದು ಸರಿ. ಅದರಲ್ಲೂ ಹದಿನೈದು ಚಿಕ್ಕ ಸಂಖ್ಯೆ, ಒಂದೇ ಮನೆ ಆಚೀಚೆ ಆದರೂ ಶೇಕಡಾ ಏಳರಷ್ಟು ವ್ಯತ್ಯಾಸ ಬರುತ್ತದೆ. ಜಗಲಿಯ ಮೇಲೆ ಅಕ್ಕಪಕ್ಕದವರು ಮಾತಾಡಿಕೊಳ್ಳುವುದನ್ನು ತಡೆಯಲೂ ಆಗದು. ಇದನ್ನೆಲ್ಲ ವರದಿಯಲ್ಲಿ ಬರೆಯುವುದು ಯೋಜನೆಯ ದೌರ್ಬಲ್ಯವಲ್ಲ, ಅದರ ಗಟ್ಟಿತನ.

ಬದಲಾಗದ ಮನೆಗಳಲ್ಲಿ ಕಾರಣ ಕೇಳಬೇಕು. ಹಸು ಕಟ್ಟಿದ ಮನೆಯಲ್ಲಿ ಅಕ್ಕಿ ತೊಳೆದ ನೀರು, ಸಿಪ್ಪೆ ಎಲ್ಲ ಕಲಗಚ್ಚಿಗೆ ಹೋಗುತ್ತದೆ, ಉಳಿದದ್ದು ತಿಪ್ಪೆಗೆ. ಅಲ್ಲಿ ಹಸಿ ಕಸದ ಬುಟ್ಟಿಯೇ ಬೇಕಿಲ್ಲ, ಅಂಥ ಮನೆಯನ್ನು ‘ಅರ್ಧ’ ಎಂದು ಗುರುತಿಸಿದ್ದರೆ ತಿದ್ದಬೇಕು. ಅಲ್ಲಿನ ತೊಂದರೆ ಶಾಂಪೂ ಸ್ಯಾಶೆ, ಕುರುಕಲು ತಿಂಡಿಯ ಪೊಟ್ಟಣ. ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಮ್ಮನ್ನೂ ತೆಳುವಾಗಿ ಅಂಟಿಸಿದ ಆ ಪದರಗಳನ್ನು ಬಿಡಿಸುವುದು ದುಬಾರಿಯಾದ್ದರಿಂದ ಗುಜರಿಯವರು ಕೊಳ್ಳುವುದಿಲ್ಲ, ಕೊನೆಗೆ ಅವು ಒಲೆಗೋ ಚರಂಡಿಗೋ ಹೋಗುತ್ತವೆ. ಇನ್ನು ಕೆಲವರು ಹೇಳುವ ಕಾರಣಕ್ಕೆ ಮಕ್ಕಳ ಬಳಿ ಉತ್ತರವಿರುವುದಿಲ್ಲ: ‘ನಾವು ಬೇರೆ ಮಾಡಿ ಕೊಡ್ತೀವಿ ಕಣ್ರೋ, ಗಾಡಿಲಿ ಎಲ್ಲ ಒಟ್ಟಿಗೇ ಸುರೀತಾರಲ್ಲ?’

ಆ ಮಾತು ನಿಜವೇ ಎಂದು ನೋಡಲು ಶಿಕ್ಷಕರ ಜೊತೆ ಪಂಚಾಯಿತಿಯ ಕಸದ ಘಟಕಕ್ಕೆ ಹೋಗಬೇಕು. ಗಾಡಿಯಲ್ಲಿ ನಡುವೆ ತಡೆ ಇದೆಯೇ, ಇಳಿಸುವಾಗ ಬೇರೆ ಇಳಿಸುತ್ತಾರೆಯೇ, ಕೆಲಸದವರಿಗೆ ಕೈಗವಸು ಇದೆಯೇ ಎಂದು ಬರೆದುಕೊಳ್ಳಬೇಕು. ಗಾಡಿಯಲ್ಲಿ ಬೆರೆಯುತ್ತಿದ್ದರೆ ಮನೆಯವರನ್ನು ದೂರುವ ಹಕ್ಕು ಶಾಲೆಗಿಲ್ಲ. ಆಗ ಕೇಳಬೇಕಾದವರು ಪಂಚಾಯಿತಿಯವರು. ಕೇಳಲು ಕರ್ನಾಟಕದ ಮಕ್ಕಳಿಗೆ ಒಂದು ಜಾಗವೂ ಇದೆ: ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆ. ಅಲ್ಲಿ ‘ಊರು ಸ್ವಚ್ಛವಾಗಬೇಕು’ ಎಂದರೆ ಎಲ್ಲರೂ ಚಪ್ಪಾಳೆ ತಟ್ಟಿ ಮರೆಯುತ್ತಾರೆ. ‘ಮೂವತ್ತರಲ್ಲಿ ಹದಿನೇಳು ಮನೆ ಬೇರೆ ಮಾಡಿ ಕೊಡುತ್ತಿವೆ, ಗಾಡಿಗೆ ನಡುವೆ ಒಂದು ತಗಡಿನ ತಡೆ ಬೇಕು, ಯಾವ ತಿಂಗಳೊಳಗೆ ಆಗುತ್ತದೆ?’ ಎಂದು ಕೇಳಿದರೆ ಪಿಡಿಒ ಉತ್ತರ ಹೇಳಬೇಕಾಗುತ್ತದೆ. ಆ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರೆಯೇ ಎಂದು ಅಲ್ಲೇ ಓದಿಸಿಕೊಂಡು ಬರಬೇಕು. ಹೇಳಿದ ತಿಂಗಳು ಕಳೆದ ಮೇಲೆ ಅದೇ ಮೂವತ್ತು ಮನೆಗಳ ಮುಂದೆ, ಅದೇ ಗಾಡಿಯ ಹಿಂದೆ, ಇನ್ನೊಂದು ವಾರ ಲೆಕ್ಕ ಬರೆಯಬೇಕು.